100 ಡಿಗ್ರಿಯ ಬ್ಲ್ಯಾಕ್‌ಬಾಡಿಗೆ 97 ತೋರಿಸುವ ಥರ್ಮಲ್ ಕ್ಯಾಮೆರಾ: ದೋಷ ಹುಡುಕುವ ಬಗೆ

ಕರಾವಳಿಯ ಒಂದು ಸಬ್‌ಸ್ಟೇಷನ್‌ನ ನಿರ್ವಹಣಾ ತಂಡದಿಂದ ಬಂದ ದೂರು ಇದು. ಅವರು ಬಸ್‌ಬಾರ್ ಜಾಯಿಂಟ್, ಐಸೊಲೇಟರ್, ಕ್ಲ್ಯಾಂಪ್‌ಗಳು ಬಿಸಿಯಾಗಿವೆಯೇ ಎಂದು ನೋಡಲು ಥರ್ಮಲ್ ಕ್ಯಾಮೆರಾ ಬಳಸುತ್ತಾರೆ. ತಿಂಗಳಿಗೊಮ್ಮೆ ಅದನ್ನು ಬ್ಲ್ಯಾಕ್‌ಬಾಡಿ ಎಂಬ, ಬೇಕಾದ ತಾಪಕ್ಕೆ ಇಡಬಹುದಾದ ಗುರಿಯ ಎದುರು ಇಟ್ಟು ಪರೀಕ್ಷೆ ಮಾಡುತ್ತಾರೆ. ಹೋದ ತಿಂಗಳು 100 ಡಿಗ್ರಿಗೆ 99.5 ಬಂದಿತ್ತು. ಈ ತಿಂಗಳು 97.2 ಬಂತು.

ಇಂಥ ಕ್ಯಾಮೆರಾಗಳಿಗೆ ತಯಾರಕರು ಸಾಮಾನ್ಯವಾಗಿ ಕೊಡುವ ನಿಖರತೆ ±2 ಡಿಗ್ರಿ ಅಥವಾ ಓದಿನ ±2%, ಎರಡರಲ್ಲಿ ಯಾವುದು ಜಾಸ್ತಿಯೋ ಅದು. 100 ಡಿಗ್ರಿಯಲ್ಲಿ ಎರಡೂ ಒಂದೇ. ಅಂದರೆ ಹೋದ ತಿಂಗಳು ಕ್ಯಾಮೆರಾ ಪಾಸ್, ಈ ತಿಂಗಳು ಫೇಲ್.

"ಸರ್, ಕ್ಯಾಮೆರಾ ಕೆಳಗೆ ಬಿದ್ದಿಲ್ಲ, ನೀರು ತಾಗಿಲ್ಲ. ಸೆನ್ಸರ್ ಹೋಗಿದೆಯಾ?" ಎಂದು ತಂಡದ ಟೆಕ್ನೀಷಿಯನ್ ಕೇಳಿದರು.

ಸೆನ್ಸರ್‌ಗೆ ಏನೂ ಆಗಿರಲಿಲ್ಲ. ಹೋದ ತಿಂಗಳು ಬಂದ ಆ 99.5 ಇತ್ತಲ್ಲ, ತಪ್ಪು ಇದ್ದದ್ದು ಅದರಲ್ಲಿ. ಅದನ್ನು ಕಂಡುಹಿಡಿದ ದಾರಿಯನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತೇನೆ. ಬೇರೆ ಕ್ಯಾಮೆರಾ, ಬೇರೆ ಬ್ಲ್ಯಾಕ್‌ಬಾಡಿ ಇದ್ದರೂ ಇದೇ ದಾರಿ ನಡೆಯುತ್ತದೆ.

ಮೊದಲು ಮುಗಿಸಿಬಿಡಬೇಕಾದ ಸಣ್ಣ ಕೆಲಸಗಳು

ಕ್ಯಾಮೆರಾ ಆನ್ ಮಾಡಿ ಅರ್ಧ ಗಂಟೆ ಬಿಡಿ. ಈ ಕ್ಯಾಮೆರಾಗಳ ಒಳಗಿರುವ ಮೈಕ್ರೊಬೋಲೋಮೀಟರ್ ಎಂಬ ಸೆನ್ಸರ್ ತನ್ನ ಸ್ವಂತ ಮೈಯ ಬಿಸಿಗೂ ಸ್ಪಂದಿಸುತ್ತದೆ. ಆನ್ ಮಾಡಿದ ಹೊಸದರಲ್ಲಿ ಓದು ತೇಲುತ್ತಿರುತ್ತದೆ. ಆಗಾಗ 'ಟಿಕ್' ಎಂದು ಕೇಳಿಸುವುದು ಒಳಗಿನ ಶಟರ್ ಮುಚ್ಚಿ ತೆರೆಯುವ ಸದ್ದು. ಮುಚ್ಚಿದ ಶಟರನ್ನು ನೋಡಿ ಕ್ಯಾಮೆರಾ ತನ್ನ ಪಿಕ್ಸೆಲ್‌ಗಳನ್ನು ಒಂದು ಮಟ್ಟಕ್ಕೆ ತಂದುಕೊಳ್ಳುತ್ತದೆ. ಪ್ರತಿ ಓದು ಬರೆದುಕೊಳ್ಳುವ ಮುಂಚೆ ನೀವೇ ಒಮ್ಮೆ ಶಟರ್ ಒತ್ತಿ. ಒತ್ತಿದ ತಕ್ಷಣ ಓದು ಒಂದು ಡಿಗ್ರಿಯಷ್ಟು ಹಾರಿದರೆ ಕ್ಯಾಮೆರಾ ಇನ್ನೂ ಸ್ಥಿರವಾಗಿಲ್ಲ ಎಂದರ್ಥ. ಇನ್ನಷ್ಟು ಹೊತ್ತು ಕಾಯಿರಿ.

ರೂಮಿನ ಫ್ಯಾನ್ ಆಫ್ ಮಾಡಿ. ಇದನ್ನು ಜನ ಮರೆಯುವುದು ಜಾಸ್ತಿ. ಚಪ್ಪಟೆ ಪ್ಲೇಟಿನ ಬ್ಲ್ಯಾಕ್‌ಬಾಡಿಯಲ್ಲಿ ತಾಪ ಅಳೆಯುವ ಸೆನ್ಸರ್ ಪ್ಲೇಟಿನ ಒಳಗಿರುತ್ತದೆ. ಕ್ಯಾಮೆರಾ ನೋಡುವುದು ಹೊರ ಮೈಯನ್ನು. ಗಾಳಿ ಬೀಸಿದರೆ ಹೊರ ಮೈ ತಣ್ಣಗಾಗುತ್ತದೆ, ಆದರೆ ಡಿಸ್ಪ್ಲೇ ಮಾತ್ರ 100.0 ಎಂದೇ ತೋರಿಸುತ್ತಿರುತ್ತದೆ. ಫ್ಯಾನ್ ನಿಲ್ಲಿಸಿದ ಮೇಲೆ ಕ್ಯಾಮೆರಾದ ಓದು ನಿಧಾನವಾಗಿ ಏರಿದರೆ ನಿಮ್ಮ ದೋಷದ ಒಂದು ಪಾಲು ಅಲ್ಲೇ ಸಿಕ್ಕಿತು. ಎಸಿಯ ಗಾಳಿ ನೇರ ಬಡಿಯುತ್ತಿದ್ದರೂ ಇದೇ ಕತೆ.

ಮೂರನೆಯದು, ಗುರಿ ಸಾಕಷ್ಟು ದೊಡ್ಡದಾಗಿ ಕಾಣಬೇಕು. 24 ಡಿಗ್ರಿ ಲೆನ್ಸ್, 320 ಪಿಕ್ಸೆಲ್ ಅಗಲದ ಕ್ಯಾಮೆರಾದಲ್ಲಿ ಒಂದು ಮೀಟರ್ ದೂರದಲ್ಲಿ ಒಂದು ಪಿಕ್ಸೆಲ್ ಸುಮಾರು 1.3 ಮಿಲಿಮೀಟರ್ ಜಾಗ ನೋಡುತ್ತದೆ. ಅಂಗೈಯಗಲದ ಪ್ಲೇಟಾದರೆ ಚಿಂತೆಯಿಲ್ಲ. 20 ಮಿಲಿಮೀಟರ್ ಬಾಯಿಯ ಕ್ಯಾವಿಟಿ ಬ್ಲ್ಯಾಕ್‌ಬಾಡಿಯನ್ನು ಮೂರು ಮೀಟರ್ ದೂರದಿಂದ ನೋಡಿದರೆ ಅದರ ಅಗಲಕ್ಕೆ ಬರೀ ಐದು ಪಿಕ್ಸೆಲ್ ಬೀಳುತ್ತವೆ. ಸುತ್ತಲಿನ ತಣ್ಣನೆಯ ಅಂಚು ಓದಿನೊಳಗೆ ಸೇರಿಕೊಂಡು ತಾಪ ಇಳಿಯುತ್ತದೆ. ಫೋಕಸ್ ತಪ್ಪಿದ್ದರೂ ಹೀಗೇ ಆಗುತ್ತದೆ. ಪರೀಕ್ಷೆ ಸುಲಭ. ಕ್ಯಾಮೆರಾವನ್ನು ಒಂದು ಮೀಟರಿನಿಂದ ಅರ್ಧ ಮೀಟರಿಗೆ ತಂದು ಮತ್ತೆ ಫೋಕಸ್ ಮಾಡಿ. ಓದು ಏರಿದರೆ ಗುರಿ ಚಿಕ್ಕದಾಯಿತು ಎಂದು ತಿಳಿಯಿರಿ. ಏರದಿದ್ದರೆ ಈ ಕಾರಣವನ್ನು ಪಟ್ಟಿಯಿಂದ ತೆಗೆದುಬಿಡಿ.

ಇವರ ಕ್ಯಾಮೆರಾ ಮೂರನ್ನೂ ದಾಟಿತು. ಶಟರ್ ಒತ್ತಿದರೂ ಹಾರಲಿಲ್ಲ, ಫ್ಯಾನ್ ಆಫ್ ಇತ್ತು, ಹತ್ತಿರ ತಂದರೂ 97.2 ಅಲುಗಲಿಲ್ಲ. ಲೆನ್ಸಿನ ಮೇಲೆ ಬೆರಳ ಗುರುತೂ ಇರಲಿಲ್ಲ.

ಒಂದೇ ತಾಪದಲ್ಲಿ ನೋಡಿ ಏನೂ ಹೇಳಲಾಗದು

ಬಹಳ ತಂಡಗಳು ಬ್ಲ್ಯಾಕ್‌ಬಾಡಿಯನ್ನು 100ಕ್ಕೆ ಇಟ್ಟು, ಒಂದು ಓದು ಬರೆದುಕೊಂಡು, ಮುಗಿಯಿತು ಎನ್ನುತ್ತವೆ. ಅದರಿಂದ ತಪ್ಪು ಎಷ್ಟು ಎಂದು ತಿಳಿಯುತ್ತದೆ. ಏಕೆ ಎಂದು ತಿಳಿಯುವುದಿಲ್ಲ. ಏಕೆ ಎಂದು ತಿಳಿಯಬೇಕಾದರೆ ತಾಪ ಬದಲಾದಂತೆ ತಪ್ಪು ಹೇಗೆ ಬದಲಾಗುತ್ತದೆ ಎಂದು ನೋಡಬೇಕು.

ಅದಕ್ಕೆ ನಾಲ್ಕು ತಾಪ ಆರಿಸಿಕೊಂಡೆವು: 35, 50, 75, 100. ಇದಕ್ಕಿಂತ ಮೇಲೆ ಹೋಗದಿರಲು ಕಾರಣವಿದೆ. ಈ ಕ್ಯಾಮೆರಾದ ಕೆಳಗಿನ ರೇಂಜ್ 120 ಡಿಗ್ರಿಗೆ ಮುಗಿಯುತ್ತದೆ. ರೇಂಜ್ ಬದಲಾದರೆ ಕ್ಯಾಮೆರಾ ಬೇರೆಯೇ ಕ್ಯಾಲಿಬ್ರೇಷನ್ ಕರ್ವ್ ಬಳಸುತ್ತದೆ. ಎರಡು ರೇಂಜಿನ ಓದುಗಳನ್ನು ಒಂದೇ ಸಾಲಿನಲ್ಲಿ ಇಟ್ಟು ಹೋಲಿಸಿದರೆ ಗೊಂದಲ ಗ್ಯಾರಂಟಿ. ಪ್ರತಿ ತಾಪಕ್ಕೂ ಪ್ಲೇಟ್ ಸ್ಥಿರವಾಗುವವರೆಗೆ ಕಾದು, ಶಟರ್ ಒತ್ತಿ, ಪ್ಲೇಟಿನ ನಡುಭಾಗದ ಮೇಲೆ ಒಂದು ಚೌಕ ಎಳೆದು ಅದರ ಸರಾಸರಿ ತೆಗೆದುಕೊಂಡೆವು. ಒಂಟಿ ಸ್ಪಾಟಿನ ಓದು ಕುಣಿಯುತ್ತಿರುತ್ತದೆ.

ಬಂದದ್ದು ಇಷ್ಟು:

| ಬ್ಲ್ಯಾಕ್‌ಬಾಡಿ | ಕ್ಯಾಮೆರಾ | ವ್ಯತ್ಯಾಸ |
|---|---|---|
| 35 | 34.7 | −0.3 |
| 50 | 49.1 | −0.9 |
| 75 | 73.1 | −1.9 |
| 100 | 97.2 | −2.8 |

ರೂಮಿನ ತಾಪ 30 ಡಿಗ್ರಿ. ಈ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಿ. ಪ್ಲೇಟಿನ ತಾಪ ರೂಮಿನ ತಾಪದ ಹತ್ತಿರ ಬಂದಂತೆ ತಪ್ಪು ಕರಗುತ್ತಿದೆ. 30ಕ್ಕೆ ಬಂದರೆ ಸೊನ್ನೆಯೇ ಆಗುತ್ತದೆ.

ಸೆನ್ಸರ್‌ನ ಮಟ್ಟವೇ ಜಾರಿದ್ದರೆ ಪಟ್ಟಿ ಹೀಗಿರುತ್ತಿರಲಿಲ್ಲ. ಅಂಥ ದೋಷದಲ್ಲಿ ಸಿಗ್ನಲ್ ಎಲ್ಲ ತಾಪದಲ್ಲೂ ಒಂದೇ ಅಳತೆಯಷ್ಟು ಕಡಿಮೆಯಾಗುತ್ತದೆ. ಕಡಿಮೆ ತಾಪದಲ್ಲಿ ಒಂದು ಡಿಗ್ರಿಗೆ ಸಿಗುವ ಸಿಗ್ನಲ್ ಕಡಿಮೆ. ಆದ್ದರಿಂದ ಅದೇ ಕೊರತೆ ಅಲ್ಲಿ ಹೆಚ್ಚು ಡಿಗ್ರಿಯಾಗಿ ಕಾಣುತ್ತದೆ. 100ರಲ್ಲಿ 1 ಡಿಗ್ರಿ ತಪ್ಪಿದ್ದರೆ 35ರಲ್ಲಿ ಸುಮಾರು 1.6 ಡಿಗ್ರಿ ತಪ್ಪಿರುತ್ತದೆ. ನಮ್ಮ ಪಟ್ಟಿ ಇದಕ್ಕೆ ಪೂರ್ತಿ ಉಲ್ಟಾ. ಸೆನ್ಸರ್ ಮೇಲಿನ ಅನುಮಾನ ಇಲ್ಲಿಗೆ ಮುಕ್ಕಾಲು ಪಾಲು ಹೋಯಿತು.

ಕ್ಯಾಮೆರಾ ಮಾಡುವ ಲೆಕ್ಕ

ರೂಮಿನ ತಾಪದಲ್ಲಿ ಸೊನ್ನೆಯಾಗುವ ತಪ್ಪು ಎಲ್ಲಿಂದ ಬರುತ್ತದೆ ಎಂದು ತಿಳಿಯಲು ಕ್ಯಾಮೆರಾದ ಲೆಕ್ಕವನ್ನು ಒಮ್ಮೆ ನೋಡಬೇಕು. ಲೆನ್ಸಿಗೆ ಬಂದು ಬೀಳುವ ಒಟ್ಟು ವಿಕಿರಣ ಇದು:

```
W = ε·τ·W_obj + (1−ε)·τ·W_refl + (1−τ)·W_atm
```

ಮೊದಲನೆಯ ಭಾಗ ವಸ್ತು ತಾನೇ ಸೂಸಿದ್ದು. ಎರಡನೆಯದು ಸುತ್ತಲಿನ ಗೋಡೆ, ಜನ, ದೀಪಗಳಿಂದ ಬಂದು ವಸ್ತುವಿನ ಮೇಲೆ ಪ್ರತಿಫಲಿಸಿದ್ದು. ಮೂರನೆಯದು ನಡುವಿನ ಗಾಳಿ ಸೂಸಿದ್ದು. ε ಅಂದರೆ ಎಮಿಸಿವಿಟಿ, ಅದೇ ತಾಪದ ಆದರ್ಶ ಬ್ಲ್ಯಾಕ್‌ಬಾಡಿ ಸೂಸುವುದರಲ್ಲಿ ಎಷ್ಟು ಪಾಲನ್ನು ಈ ವಸ್ತು ಸೂಸುತ್ತದೆ ಎಂಬುದು. τ ಅಂದರೆ ಗಾಳಿ ಎಷ್ಟು ಪಾಲನ್ನು ದಾಟಲು ಬಿಡುತ್ತದೆ ಎಂಬುದು. τವನ್ನು ನಾವು ನೇರವಾಗಿ ತುಂಬುವುದಿಲ್ಲ. ದೂರ, ಗಾಳಿಯ ತಾಪ, ತೇವಾಂಶ ಈ ಮೂರನ್ನು ಕೊಟ್ಟರೆ ಕ್ಯಾಮೆರಾ ತಾನೇ ಲೆಕ್ಕ ಹಾಕಿಕೊಳ್ಳುತ್ತದೆ.

ಮೊದಲ ಭಾಗದಲ್ಲಿ ε ಮತ್ತು τ ಗುಣಿಸಿಕೊಂಡು ಕೂತಿರುವುದನ್ನು ಗಮನಿಸಿ. ಗೋಡೆಯೂ ಗಾಳಿಯೂ ಒಂದೇ ತಾಪದಲ್ಲಿದ್ದರೆ (ಮುಚ್ಚಿದ ರೂಮಿನಲ್ಲಿ ಹೆಚ್ಚುಕಡಿಮೆ ಹಾಗೇ ಇರುತ್ತದೆ) ಉಳಿದ ಎರಡು ಭಾಗ ಒಂದಾಗಿಬಿಡುತ್ತವೆ. ಆಗ ಓದನ್ನು ನಿರ್ಧರಿಸುವುದು ε×τ ಎಂಬ ಒಂದೇ ಸಂಖ್ಯೆ. ಎಮಿಸಿವಿಟಿ ತಪ್ಪಾಗಿದೆಯೋ ಗಾಳಿಯ ಲೆಕ್ಕ ತಪ್ಪಾಗಿದೆಯೋ ಎಂದು ಓದನ್ನಷ್ಟೇ ನೋಡಿ ಹೇಳಲಾಗದು. ಎರಡರದ್ದೂ ಒಂದೇ ಆಕಾರದ ತಪ್ಪು. ಎರಡೂ ರೂಮಿನ ತಾಪದಲ್ಲಿ ಸೊನ್ನೆಯಾಗುತ್ತವೆ, ಮೇಲೆ ಹೋದಂತೆ ಬೆಳೆಯುತ್ತವೆ. ಇನ್ನೂ ಕಷ್ಟದ ಸಂಗತಿ ಎಂದರೆ, ಒಂದು ಆ ಕಡೆ ತಪ್ಪಿ ಇನ್ನೊಂದು ಈ ಕಡೆ ತಪ್ಪಿದರೆ ಎಲ್ಲ ತಾಪದಲ್ಲೂ ಒಂದನ್ನೊಂದು ಮುಚ್ಚಿಹಾಕುತ್ತವೆ.

ಸರಿ, ಮೊದಲು ε. ಕ್ಯಾಮೆರಾದಲ್ಲಿ 1.00 ಇತ್ತು. ಏಕೆ ಎಂದು ಕೇಳಿದೆ.

"ಬ್ಲ್ಯಾಕ್‌ಬಾಡಿ ಅಂದ್ರೆ ಒಂದೇ ಅಲ್ವಾ ಸರ್?"

ಪುಸ್ತಕದ ಬ್ಲ್ಯಾಕ್‌ಬಾಡಿಗೆ ಒಂದು. ಆಳವಾದ ಕುಳಿಯಿರುವ ಕ್ಯಾವಿಟಿ ಬ್ಲ್ಯಾಕ್‌ಬಾಡಿಯೂ 0.99 ದಾಟಿರುತ್ತದೆ, ಅಲ್ಲಿ 1.00 ಇಟ್ಟರೂ ನಷ್ಟ ಕಡಿಮೆ. ಆದರೆ ಇವರ ಬಳಿ ಇದ್ದದ್ದು ಕಪ್ಪು ಬಣ್ಣ ಬಳಿದ ಚಪ್ಪಟೆ ಪ್ಲೇಟ್. ಅದರ ಪ್ರಮಾಣಪತ್ರ ತೆಗೆಸಿ ನೋಡಿದೆವು. 8ರಿಂದ 14 ಮೈಕ್ರೊಮೀಟರ್ ತರಂಗಾಂತರದಲ್ಲಿ, ಎಮಿಸಿವಿಟಿ 0.95 ಎಂದು ಇಟ್ಟುಕೊಂಡು ಅಳೆದಾಗ ಡಿಸ್ಪ್ಲೇಯ ತಾಪ ಸಿಗುತ್ತದೆ ಎಂದು ಅದರಲ್ಲಿ ಬರೆದಿತ್ತು. ಇಂಥ ಪ್ಲೇಟಿನ ಎದುರು ಕ್ಯಾಮೆರಾದಲ್ಲೂ 0.95 ಇರಲೇಬೇಕು. ಬ್ಲ್ಯಾಕ್‌ಬಾಡಿ ಬಳಸುವ ಯಾರೇ ಆದರೂ ಮೊದಲು ಓದಬೇಕಾದ ಕಾಗದ ಅದು. ಅಲ್ಲಿ ಎಮಿಸಿವಿಟಿ, ತರಂಗಾಂತರ, ಸುತ್ತಲಿನ ತಾಪ ಈ ಮೂರನ್ನು ನೋಡಿ.

ಲೆಕ್ಕ ಹಾಕಿ ನೋಡೋಣ. 10 ಮೈಕ್ರೊಮೀಟರ್‌ನಲ್ಲಿ ಪ್ಲ್ಯಾಂಕ್ ಸೂತ್ರ ಹಾಕಿದರೆ 100 ಡಿಗ್ರಿಯ ವಸ್ತುವಿನ ಸಿಗ್ನಲ್ 0.02161 ಬರುತ್ತದೆ, 30 ಡಿಗ್ರಿಯ ಗೋಡೆಯದು 0.00876. ಮಾನ ಏನಿದ್ದರೂ ಪರವಾಗಿಲ್ಲ, ನಮಗೆ ಬೇಕಾದದ್ದು ಅನುಪಾತ. ಪ್ಲೇಟ್ ತನ್ನದರ 95% ಸೂಸುತ್ತದೆ, ಗೋಡೆಯದರ 5% ಪ್ರತಿಫಲಿಸುತ್ತದೆ. ಒಟ್ಟು 0.02097. ಇದನ್ನು 'ಎಮಿಸಿವಿಟಿ ಒಂದು' ಎಂದು ನಂಬಿದ ಕ್ಯಾಮೆರಾ ತಾಪಕ್ಕೆ ತಿರುಗಿಸಿದರೆ ಸಿಗುವುದು 97.2. ನಮ್ಮ ಓದು ಅಕ್ಷರಶಃ ಇದೇ. 75, 50, 35ಕ್ಕೂ ಇದೇ ಲೆಕ್ಕ ಹಾಕಿದೆವು. ಪಟ್ಟಿಯ ಸಾಲುಗಳು ಒಂದೊಂದಾಗಿ ಕೂಡಿಬಂದವು.

ಹಾಗಾದರೆ ಹೋದ ತಿಂಗಳು ಸರಿ ಬಂದದ್ದು ಹೇಗೆ?

ಟೆಕ್ನೀಷಿಯನ್ ಸುಮ್ಮನಾಗಲಿಲ್ಲ. ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ಹೋದ ತಿಂಗಳೂ ಅದೇ ಪ್ಲೇಟ್, ಅದೇ 1.00. ಆದರೂ 99.5 ಬಂದಿತ್ತು. ಈ ಪ್ರಶ್ನೆಗೆ ಉತ್ತರ ಸಿಗದೆ ಕೆಲಸ ಮುಗಿಸಬಾರದು. ನಡುವೆ ಏನೋ ಬದಲಾಗಿದೆ. ಅದು ಸೆನ್ಸರ್ ಆಗಿದ್ದರೂ ಆಗಿರಬಹುದಲ್ಲ.

ಉತ್ತರ ಹಳೆಯ ಚಿತ್ರದಲ್ಲೇ ಇತ್ತು. ರೇಡಿಯೊಮೆಟ್ರಿಕ್ ಚಿತ್ರ ಅಂದರೆ ಬರೀ ಬಣ್ಣದ ಫೋಟೊ ಅಲ್ಲ. ಪ್ರತಿ ಪಿಕ್ಸೆಲ್‌ನ ಮೂಲ ಸಿಗ್ನಲ್ ಅದರಲ್ಲಿರುತ್ತದೆ, ಜೊತೆಗೆ ಆ ಹೊತ್ತಿನ ಸೆಟ್ಟಿಂಗ್‌ಗಳೂ ಇರುತ್ತವೆ. ಕ್ಯಾಮೆರಾದ ಜೊತೆ ಬರುವ ಸಾಫ್ಟ್‌ವೇರಿನಲ್ಲಿ ಇವನ್ನು ನೋಡಬಹುದು. ಫ್ಲಿರ್ ಕಂಪನಿಯ ಕ್ಯಾಮೆರಾ ಬಗೆಯ ಜೆಪೆಗ್ ಆದರೆ exiftool ಎಂಬ ಸಾಫ್ಟ್‌ವೇರಿನ ಒಂದೇ ಸಾಲಿನ ಕಮಾಂಡ್ ಸಾಕು:

```
exiftool -Emissivity -ObjectDistance \
  -ReflectedApparentTemperature \
  -AtmosphericTemperature -RelativeHumidity check.jpg
```

ಹೋದ ತಿಂಗಳ ಚಿತ್ರದಲ್ಲಿ ಬಂದದ್ದು:

```
Emissivity                      : 1.00
Object Distance                 : 25.00 m
Reflected Apparent Temperature  : 20.0 C
Atmospheric Temperature         : 30.0 C
Relative Humidity               : 80.0 %
```

ದೂರ 25 ಮೀಟರ್! ಸ್ವಿಚ್‌ಯಾರ್ಡ್‌ನಲ್ಲಿ ಬಳಸಿದ ಸೆಟ್ಟಿಂಗ್ ಹಾಗೇ ಉಳಿದಿತ್ತು. ಈ ತಿಂಗಳು ಟೆಕ್ನೀಷಿಯನ್ ಅದನ್ನು ಗಮನಿಸಿ, ಟೇಪ್ ಹಿಡಿದು ಅಳೆದು, 1 ಮೀಟರ್ ಎಂದು ಸರಿಪಡಿಸಿದ್ದರು. ಅವರು ಮಾಡಿದ್ದು ಸರಿಯಾದ ಕೆಲಸ. ಓದು ಕೆಟ್ಟದ್ದು ಅದರಿಂದಲೇ.

ಲೆಕ್ಕ ಹೀಗೆ. 30 ಡಿಗ್ರಿ, 80% ತೇವಾಂಶದ ಗಾಳಿಯಲ್ಲಿ ಕ್ಯಾಮೆರಾದ ಮಾದರಿಯ ಪ್ರಕಾರ 1 ಮೀಟರಿಗೆ τ ಸುಮಾರು 0.990, 25 ಮೀಟರಿಗೆ ಸುಮಾರು 0.949. ನಿಜವಾದ ದೂರ ಒಂದೇ ಮೀಟರ್, ಗಾಳಿ ತಿಂದದ್ದು ಬರೀ 1%. ಆದರೆ ಕ್ಯಾಮೆರಾ 5% ತಿಂದಿದೆ ಎಂದು ನಂಬಿ ಅಷ್ಟನ್ನೂ ಮರಳಿ ಸೇರಿಸಿತು. 100 ಡಿಗ್ರಿಯಲ್ಲಿ ಈ ಒಂದು ತಪ್ಪಿನಿಂದ ಓದು ಸುಮಾರು 2.4 ಡಿಗ್ರಿ ಏರುತ್ತದೆ. ಎಮಿಸಿವಿಟಿಯ ತಪ್ಪು 2.8 ಡಿಗ್ರಿ ಇಳಿಸಿತ್ತು. ಎರಡೂ ಸೇರಿ ಸುಮಾರು 99.5. ಎರಡು ತಪ್ಪು ಸೆಟ್ಟಿಂಗ್ ಇದ್ದಾಗ ಪಾಸಾದ ಕ್ಯಾಮೆರಾ, ಒಂದನ್ನು ಸರಿಮಾಡಿದಾಗ ಫೇಲಾಯಿತು.

ಇದನ್ನು ಖಚಿತ ಮಾಡಿಕೊಳ್ಳಲು ಒಳ್ಳೆಯ ದಾರಿಯಿದೆ. ಹಳೆಯ ಚಿತ್ರದಲ್ಲಿ ಮೂಲ ಸಿಗ್ನಲ್ ಉಳಿದೇ ಇದೆಯಲ್ಲ, ಸಾಫ್ಟ್‌ವೇರಿನಲ್ಲಿ ಅದನ್ನು ತೆರೆದು ಎಮಿಸಿವಿಟಿ 0.95, ದೂರ 1 ಮೀಟರ್, ರಿಫ್ಲೆಕ್ಟೆಡ್ ಟೆಂಪರೇಚರ್ ಅಂದರೆ ಪ್ರತಿಫಲಿಸುವ ಸುತ್ತಲಿನ ತಾಪ 30 ಎಂದು ಬದಲಿಸಿದೆವು. 100.0 ಬಂತು. ಈ ತಿಂಗಳ ಚಿತ್ರಕ್ಕೂ ಅದೇ ಸೆಟ್ಟಿಂಗ್ ಕೊಟ್ಟೆವು. ಅದೂ 100.0. ಎರಡು ತಿಂಗಳ ನಡುವೆ ಸೆನ್ಸರ್ ಜಾರಿಲ್ಲ ಎನ್ನಲು ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ಅದಕ್ಕೇ ನಾನು ಎಲ್ಲರಿಗೂ ಹೇಳುವುದು, ಪರೀಕ್ಷೆಯ ದಿನ ಸಂಖ್ಯೆಯನ್ನಷ್ಟೇ ಬರೆದಿಡಬೇಡಿ, ಚಿತ್ರವನ್ನೂ ಉಳಿಸಿ.

ರಿಫ್ಲೆಕ್ಟೆಡ್ ಟೆಂಪರೇಚರ್: ಅಡಗಿ ಕೂತಿದ್ದ ಮೂರನೆಯ ತಪ್ಪು

ಮೇಲಿನ ಪಟ್ಟಿಯಲ್ಲಿ ರಿಫ್ಲೆಕ್ಟೆಡ್ ಟೆಂಪರೇಚರ್ 20 ಎಂದಿತ್ತು. ಕರಾವಳಿಯ ಮುಚ್ಚಿದ ರೂಮಿನಲ್ಲಿ ಗೋಡೆ 20 ಡಿಗ್ರಿ ಇರಲು ಸಾಧ್ಯವಿಲ್ಲ. ಅದು ಕ್ಯಾಮೆರಾ ಬಂದ ದಿನದಿಂದ ಯಾರೂ ಮುಟ್ಟದ ಡಿಫಾಲ್ಟ್. ಇಷ್ಟು ದಿನ ಇದರ ತೊಂದರೆ ಕಾಣಲಿಲ್ಲ. ಕಾರಣ ಸೂತ್ರದಲ್ಲೇ ಇದೆ. ಎಮಿಸಿವಿಟಿ 1.00 ಇದ್ದಾಗ (1−ε) ಸೊನ್ನೆ. ಅಲ್ಲಿ ರಿಫ್ಲೆಕ್ಟೆಡ್ ಟೆಂಪರೇಚರ್ ಎಷ್ಟೇ ತುಂಬಿದರೂ ಓದು ಅಲುಗದು. ಎಮಿಸಿವಿಟಿ 0.95ಕ್ಕೆ ತಂದ ಕ್ಷಣ ಅದು ಲೆಕ್ಕಕ್ಕೆ ಬರುತ್ತದೆ.

ಹಾಗೇ ಆಯಿತು. 0.95 ಇಟ್ಟು, 20ನ್ನು ಹಾಗೇ ಬಿಟ್ಟು, ನಾಲ್ಕು ತಾಪ ಮತ್ತೆ ನೋಡಿದಾಗ 35.5, 50.4, 75.4, 100.3 ಬಂತು. ಎಲ್ಲವೂ ±2ರ ಒಳಗೆ. ಇಲ್ಲಿಗೆ ಬಿಟ್ಟಿದ್ದರೂ ಪರೀಕ್ಷೆ ಪಾಸು. ಆದರೆ ಆಕಾರ ನೋಡಿ. ಈ ಸಲ ತಪ್ಪು ರೂಮಿನ ತಾಪದ ಹತ್ತಿರ ಕರಗುತ್ತಿಲ್ಲ, ಕಡಿಮೆ ತಾಪದಲ್ಲೇ ಜಾಸ್ತಿಯಿದೆ. ಮೊದಲು ಹೇಳಿದ ಸೆನ್ಸರ್ ಜಾರಿದ ಆಕಾರವೇ ಇದು! ಪ್ರತಿಫಲನವೂ ಎಲ್ಲ ತಾಪದಲ್ಲೂ ಒಂದೇ ಅಳತೆಯ ಸಿಗ್ನಲ್ ಸೇರಿಸುವುದರಿಂದ ಹಾಗೆ ಕಾಣುತ್ತದೆ. ಇವೆರಡನ್ನು ಬೇರೆ ಮಾಡಲು ಪ್ರತಿಫಲಿತ ತಾಪವನ್ನು ನಿಜವಾಗಿ ಅಳೆಯುವುದೊಂದೇ ದಾರಿ. ಊಹೆಯಿಂದ ಆಗದು.

ಅಳೆಯುವುದು ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್‌ನಿಂದ. ಒಂದು ತುಂಡನ್ನು ಚೆನ್ನಾಗಿ ಮುದುಡಿ, ಮತ್ತೆ ಬಿಡಿಸಿ, ಹೊಳೆಯುವ ಮೈ ಹೊರಗೆ ಬರುವಂತೆ ರಟ್ಟಿಗೆ ಸುತ್ತಿ. ಮುದುಡಬೇಕು ಏಕೆಂದರೆ ನುಣುಪಾದ ಫಾಯಿಲ್ ಕನ್ನಡಿಯ ಹಾಗೆ ಒಂದೇ ದಿಕ್ಕಿನದ್ದನ್ನು ತೋರಿಸುತ್ತದೆ. ಮುದುಡಿದ್ದು ಸುತ್ತಲಿನ ಎಲ್ಲದರ ಸರಾಸರಿ ಕೊಡುತ್ತದೆ. ಅದನ್ನು ಬ್ಲ್ಯಾಕ್‌ಬಾಡಿಯ ಪ್ಲೇಟ್ ಇರುವ ಜಾಗದಲ್ಲೇ, ಅದೇ ಮುಖವಾಗಿ ಹಿಡಿಯಿರಿ. ಪ್ಲೇಟ್ ಬಿಸಿಯಾಗುವ ಮುಂಚೆ ಈ ಕೆಲಸ ಮುಗಿಸಿದರೆ ಒಳ್ಳೆಯದು, ಇಲ್ಲದಿದ್ದರೆ ಫಾಯಿಲೇ ಬಿಸಿಯಾಗುತ್ತದೆ. ಕ್ಯಾಮೆರಾದಲ್ಲಿ ಎಮಿಸಿವಿಟಿ 1.00, ದೂರ ಸೊನ್ನೆ ಎಂದು ಇಟ್ಟು, ಫಾಯಿಲ್ ಮೇಲೆ ಚೌಕ ಎಳೆದು ಸರಾಸರಿ ಓದಿ. ಆ ಸಂಖ್ಯೆಯೇ ರಿಫ್ಲೆಕ್ಟೆಡ್ ಟೆಂಪರೇಚರ್. ಬಳಿಕ ಎಮಿಸಿವಿಟಿ ಮತ್ತು ದೂರವನ್ನು ಮೊದಲಿನಂತೆ ಇಡಲು ಮರೆಯಬೇಡಿ.

ಇಲ್ಲಿ ಫಾಯಿಲ್ 30 ತೋರಿಸಿತು. ಅದನ್ನು ತುಂಬಿದ ಮೇಲೆ ನಾಲ್ಕೂ ತಾಪದಲ್ಲಿ ಉಳಿದ ವ್ಯತ್ಯಾಸ 0.1 ಡಿಗ್ರಿಯ ಆಸುಪಾಸು. ಸೆನ್ಸರ್ ಮೇಲಿದ್ದ ಕಾಲು ಪಾಲು ಅನುಮಾನವೂ ಇಲ್ಲಿಗೆ ಮುಗಿಯಿತು.

ಫಾಯಿಲ್ ಹಿಡಿದು ಇನ್ನೊಂದು ಸಂಗತಿ ನೋಡಬಹುದು. ಕ್ಯಾಮೆರಾದ ಪಕ್ಕದಲ್ಲಿ ಒಬ್ಬರು ಬಂದು ನಿಂತರೆ ಫಾಯಿಲ್ ಮೇಲೆ ಬೆಚ್ಚನೆಯ ಕಲೆಗಳು ಏಳುತ್ತವೆ. 0.95ರ ಪ್ಲೇಟಿನಲ್ಲಿ ಇದರಿಂದ ದೊಡ್ಡ ನಷ್ಟವಿಲ್ಲ. ಆದರೆ ಪಕ್ಕದ ಮೇಜಿನಲ್ಲಿ 300 ಡಿಗ್ರಿಯ ಇನ್ನೊಂದು ಬ್ಲ್ಯಾಕ್‌ಬಾಡಿ ಉರಿಯುತ್ತಿದ್ದರೆ ಅದನ್ನು ಮುಚ್ಚಿ ಅಥವಾ ದೂರ ಇಡಿ. ಹೊಳೆಯುವ ತಾಮ್ರ, ಅಲ್ಯೂಮಿನಿಯಂ ಬಸ್‌ಬಾರ್‌ಗಳಲ್ಲಿ ಮಾತ್ರ ಕತೆಯೇ ಬೇರೆ. ಅಲ್ಲಿ ಎಮಿಸಿವಿಟಿ ಬಹಳ ಕಡಿಮೆ, ಕ್ಯಾಮೆರಾ ನೋಡುವುದರಲ್ಲಿ ಬಹುಪಾಲು ಪ್ರತಿಫಲನವೇ. ಬ್ಲ್ಯಾಕ್‌ಬಾಡಿ ಎದುರು ಅರ್ಧ ಡಿಗ್ರಿ ತಪ್ಪು ತಂದ ಅದೇ ಸೆಟ್ಟಿಂಗ್ ಅಲ್ಲಿ ಓದನ್ನೇ ನಂಬಲಾಗದಂತೆ ಮಾಡುತ್ತದೆ. ಕಪ್ಪು ಟೇಪ್ ಅಂಟಿಸಿದ ಅಥವಾ ಬಣ್ಣ ಬಳಿದ ಜಾಗವನ್ನು ಗುರಿಯಾಗಿ ಹಿಡಿಯುವುದೇ ಅಲ್ಲಿ ದಾರಿ. ಟೇಪ್ ಅಂಟಿಸುವ ಕೆಲಸ ಲೈನ್ ಆಫ್ ಇದ್ದಾಗ ಮಾತ್ರ.

ಗಾಳಿಯ ಸೆಟ್ಟಿಂಗ್ ಎಲ್ಲಿ ಮುಖ್ಯ, ಎಲ್ಲಿ ಅಲ್ಲ

ಒಂದು ಮೀಟರ್ ದೂರದ ಪರೀಕ್ಷೆಯಲ್ಲಿ ತೇವಾಂಶ 80 ಇದ್ದದ್ದನ್ನು 50 ಎಂದು ಬಿಟ್ಟು, ಗಾಳಿಯ ತಾಪವನ್ನೂ 20 ಎಂದು ಬಿಟ್ಟರೂ 100 ಡಿಗ್ರಿಯ ಓದು 0.2 ಡಿಗ್ರಿಯಷ್ಟೇ ಸರಿಯುತ್ತದೆ. ಅಲ್ಲಿ ತಲೆ ಕೆಡಿಸಿಕೊಳ್ಳಬೇಕಾದದ್ದು ದೂರದ ಬಗ್ಗೆ ಮಾತ್ರ. ಯಾರ್ಡಿನಲ್ಲಿ 25 ಮೀಟರ್ ದೂರದ ಕ್ಲ್ಯಾಂಪ್ ನೋಡುವಾಗ ಅದೇ ಎರಡು ಸೆಟ್ಟಿಂಗ್ ತಪ್ಪಿದ್ದರೆ 100 ಡಿಗ್ರಿಗೆ ಸುಮಾರು 1 ಡಿಗ್ರಿ ಕಡಿಮೆ ತೋರಿಸುತ್ತದೆ. ಮಳೆಗಾಲದ ಕರಾವಳಿಯಲ್ಲಿ ಡಿಫಾಲ್ಟ್ 20 ಡಿಗ್ರಿ, 50% ಯಾವ ದಿನವೂ ನಿಜವಲ್ಲ. ಒಂದು ಅಗ್ಗದ ಹೈಗ್ರೋಮೀಟರ್ ಜೊತೆಗಿಟ್ಟುಕೊಂಡು ದಿನಾ ತುಂಬಿ. ಮಂಜು, ಮಳೆ ಇದ್ದರೆ ಆ ಲೆಕ್ಕ ಕೈಕೊಡುತ್ತದೆ. ಕ್ಯಾಮೆರಾದ ಮಾದರಿಗೆ ಗೊತ್ತಿರುವುದು ಗಾಳಿಯಲ್ಲಿ ಕರಗಿರುವ ನೀರಾವಿ ಮಾತ್ರ. ತೇಲುವ ಹನಿಗಳ ಲೆಕ್ಕ ಅದರಲ್ಲಿಲ್ಲ.

ದೂರದ ಸೆಟ್ಟಿಂಗ್ ಮೇಲೆ ಅನುಮಾನವಿದ್ದರೆ ಹೀಗೆ ಮಾಡಿ. ದೊಡ್ಡ ಪ್ಲೇಟನ್ನು ಒಂದು ಮೀಟರಿನಿಂದ ನೋಡಿ, ಬಳಿಕ ಮೂರು ಮೀಟರಿನಿಂದ ನೋಡಿ, ಎರಡೂ ಸಲ ನಿಜವಾದ ದೂರವನ್ನೇ ತುಂಬಿ. ಓದು ಒಂದೇ ಇರಬೇಕು. ಎಮಿಸಿವಿಟಿಯ ತಪ್ಪು ದೂರದ ಜೊತೆ ಬದಲಾಗುವುದಿಲ್ಲ. ಹಾಗಾಗಿ ಇಲ್ಲಿ ಏನಾದರೂ ಬದಲಾದರೆ ಅದು ಗಾಳಿಯ ಲೆಕ್ಕ ಅಥವಾ ಗುರಿಯ ಗಾತ್ರ. ಪ್ಯಾನೆಲ್‌ನ ಐಆರ್ ವಿಂಡೊ ಮೂಲಕ ನೋಡುವವರು ಆ ವಿಂಡೊದ ಸೆಟ್ಟಿಂಗ್ ಕೂಡ ಪರೀಕ್ಷಿಸಿ. ಅದೂ τ ಥರವೇ ಗುಣಿಸಿಕೊಳ್ಳುತ್ತದೆ, ವಿಂಡೊ ಇಲ್ಲದಿದ್ದಾಗ ಅದು 1.00 ಇರಬೇಕು.

ತಣ್ಣನೆಯ ಕಡೆ

ರೂಮಿನ ತಾಪಕ್ಕಿಂತ ಕೆಳಗೂ ಒಂದು ಓದು ಬೇಕು ಎಂದು ಅವರು ಪ್ಲೇಟನ್ನು 15 ಡಿಗ್ರಿಗೆ ಇಟ್ಟಿದ್ದರು. ಸ್ವಲ್ಪ ಹೊತ್ತಿನಲ್ಲೇ ಕಪ್ಪು ಮೈ ಮಂಕಾಯಿತು. ಬೆರಳಿನ ಗೆಣ್ಣು ತಾಗಿಸುವಷ್ಟು ಹತ್ತಿರದಿಂದ ನೋಡಿದರೆ ಸಾಸಿವೆಗಿಂತ ಸಣ್ಣ ಹನಿಗಳು. 30 ಡಿಗ್ರಿ, 80% ಗಾಳಿಯಲ್ಲಿ ಇಬ್ಬನಿ ಕಟ್ಟುವ ತಾಪ ಸುಮಾರು 26 ಡಿಗ್ರಿ. ಅದಕ್ಕಿಂತ ಕೆಳಗಿನ ಯಾವ ಮೈ ಮೇಲೂ ನೀರು ಕೂರುತ್ತದೆ. ನೀರು ಕಟ್ಟುವಾಗ ಬಿಡುವ ಬಿಸಿ ಹೊರ ಮೈಯನ್ನು ಬೆಚ್ಚಗೆ ಮಾಡುತ್ತದೆ, ಕ್ಯಾಮೆರಾ ನೋಡುವುದೂ ಬಣ್ಣವನ್ನಲ್ಲ, ನೀರನ್ನು. ಆ ಓದಿಗೆ ಬೆಲೆಯಿಲ್ಲ. ತಣ್ಣನೆಯ ಓದು ಬೇಕೇಬೇಕಾದರೆ ಎಸಿ ಇರುವ ಒಣ ರೂಮು ಬೇಕು. ಸಬ್‌ಸ್ಟೇಷನ್ ಕೆಲಸಕ್ಕೆ ಅದು ಬೇಕಿಲ್ಲ, ಬಿಟ್ಟುಬಿಡಿ ಎಂದೆ.

ಕ್ಯಾಮೆರಾವನ್ನು ಯಾವಾಗ ಲ್ಯಾಬಿಗೆ ಕಳಿಸಬೇಕು

ಎಮಿಸಿವಿಟಿಯನ್ನು ಪ್ರಮಾಣಪತ್ರದ ಪ್ರಕಾರ ಇಟ್ಟು, ಫಾಯಿಲಿನಿಂದ ಪ್ರತಿಫಲಿತ ತಾಪ ಅಳೆದು, ನಿಜವಾದ ದೂರ ತುಂಬಿದ ಮೇಲೂ ತಪ್ಪು ಉಳಿದರೆ ಆಗ ಕ್ಯಾಮೆರಾ ಅಥವಾ ಬ್ಲ್ಯಾಕ್‌ಬಾಡಿಯ ಮೇಲೆ ಅನುಮಾನ ಪಡಿ. ಯಾವುದು ಎಂದು ತಿಳಿಯಲು ಇನ್ನೊಂದು ಕ್ಯಾಮೆರಾವನ್ನು ಅದೇ ಪ್ಲೇಟಿನ ಎದುರು ಇಡಿ. ಎರಡೂ ಒಂದೇ ತಪ್ಪು ತೋರಿಸಿದರೆ ಪ್ಲೇಟ್ ನೋಡಿ. ಅದರ ಬಣ್ಣದ ಮೇಲೆ ಗೀರು, ಎಣ್ಣೆಯ ಕಲೆ ಇರಬಹುದು.

ಕ್ಯಾಮೆರಾದ್ದೇ ಎಂದಾದರೆ ಎಮಿಸಿವಿಟಿ ತಿರುಗಿಸಿ ಓದನ್ನು ಹೊಂದಿಸಲು ಹೋಗಬೇಡಿ. 0.95ರ ಬದಲು 0.92 ಇಟ್ಟರೆ 100ರಲ್ಲಿ ಸರಿ ಕಾಣಬಹುದು, ಬೇರೆ ತಾಪದಲ್ಲಿ ಕಾಣದು. ಒಳಗಿನ ಕ್ಯಾಲಿಬ್ರೇಷನ್ ಕರ್ವ್ ಬದಲಿಸುವುದು ನಮ್ಮ ಕೈಯಲ್ಲಿರುವ ಕೆಲಸವಲ್ಲ, ಅದಕ್ಕೆ ತಯಾರಕರ ಸರ್ವೀಸ್ ಸೆಂಟರ್ ಬೇಕು. ಪ್ರಮಾಣಪತ್ರಕ್ಕೆ ಎನ್‌ಎಬಿಎಲ್ ಮಾನ್ಯತೆಯ ಲ್ಯಾಬ್ ಹುಡುಕಿ. ಕಳಿಸುವಾಗ ನಾಲ್ಕು ತಾಪದ ಓದು, ಐದು ಸೆಟ್ಟಿಂಗ್‌ಗಳು, ಮೂಲ ಚಿತ್ರಗಳು ಇವನ್ನು ಜೊತೆಗಿಡಿ. ಸರಿಪಡಿಸುವ ಮುಂಚೆ ಇದ್ದ ಓದುಗಳನ್ನೂ ವರದಿಯಲ್ಲಿ ಬರೆದುಕೊಡಲು ಲ್ಯಾಬಿನವರಿಗೆ ಹೇಳಿ. ಕ್ಯಾಮೆರಾ ನಿಜಕ್ಕೂ ಎಷ್ಟು ಜಾರಿತ್ತು ಎಂದು ಗೊತ್ತಾದರೆ, ಯಾರ್ಡಿನಲ್ಲಿ ಈಗಾಗಲೇ ತೆಗೆದ ಚಿತ್ರಗಳಲ್ಲಿ ಯಾವ ಜಾಯಿಂಟ್‌ಗಳನ್ನು ಮತ್ತೆ ನೋಡಬೇಕು ಎಂದು ಅದರಿಂದಲೇ ತೀರ್ಮಾನಿಸಬಹುದು.